17 ಶಾಟು, ಮೂರು ಗಂಟೆ ಬೆಳಕು

ಒಂದೇ ಪುಟದ ಸೀನು. ಅಡುಗೆಮನೆ, ಅಮ್ಮ, ಮಗ, ಒಂದು ಟಿಫಿನ್ ಡಬ್ಬಿ. ಬೆಳಿಗ್ಗೆ ಕೂತು ಶಾಟ್ ಲಿಸ್ಟ್ ಬರೆದರೆ 17 ಶಾಟ್ ಆಯ್ತು!

ಕಿಟಕಿ ಬೆಳಕು ಸಿಗೋದು ಮೂರೇ ಗಂಟೆ. ಕ್ಯಾಮೆರಾ ಜಾಗ ಬದಲಿಸಿದಾಗೆಲ್ಲ ಅರ್ಧ ಗಂಟೆ ಹೋಯ್ತು ಅಂತಲೇ ಲೆಕ್ಕ. ಅಂದ್ರೆ ಆರೇ ಜಾಗ.

ಕಥೆಯ ಕ್ರಮ ಬಿಟ್ಟು, ಕ್ಯಾಮೆರಾ ನಿಲ್ಲುವ ಜಾಗದ ಪ್ರಕಾರ ಗುಂಪು ಮಾಡಿದೆ. ಮೊದಲು ಬಾಗಿಲಿಂದ ಇಡೀ ಸೀನಿನ ವೈಡ್. ಆಮೇಲೆ ಅಮ್ಮನ ಕ್ಲೋಸ್‌ಗಳೆಲ್ಲ ಒಟ್ಟಿಗೆ, ನಂತರ ಮಗನದು. ಸುಮ್ನೆ ಚೆಂದಕ್ಕೆ ಬರೆದಿದ್ದ ಒಗ್ಗರಣೆ ಶಾಟ್ ಹೊಡೆದುಹಾಕಿದೆ. ಹೊಟ್ಟೆ ಉರೀತು.

ಡಬ್ಬಿ ಮುಚ್ಚಳದ ಕ್ಲೋಸ್ ಮಾತ್ರ ಬಿಡಲಿಲ್ಲ. ಅಮ್ಮ ಅದನ್ನು ಎರಡು ಸಲ ಒತ್ತುತ್ತಾಳೆ. ಮಗ ಊರು ಬಿಡ್ತಿದ್ದಾನೆ ಅಂತ ಯಾರೂ ಹೇಳಲ್ಲ, ಅಲ್ಲೇ ಗೊತ್ತಾಗಬೇಕು. ಕಾಣೋದು ಕೈ ಅಷ್ಟೇ ಅಲ್ವಾ, ಬಿಸಿಲು ಹೋದ ಮೇಲೂ ಒಂದು ಲೈಟ್ ಹಿಡಿದು ತೆಗೆಯಬಹುದು. ಲಿಸ್ಟಲ್ಲಿ ಕೊನೆಗೆ ಹಾಕಿದ್ದೇನೆ.