ತೋಳಿಗೆ ಕಟ್ಟಿದ ಇಪ್ಪತ್ನಾಲ್ಕು ಗಂಟೆ

ಲೈಸೆನ್ಸ್ ಒಮ್ಮೆ ಕೈಗೆ ಬಂದರೆ ಪೈಲಟ್‌ನ ಪರೀಕ್ಷೆಗಳು ಮುಗಿದವು ಎಂದು ದಾವಣಗೆರೆಯ ನಮ್ಮ ಬಂಧುಬಳಗವೆಲ್ಲ ನಂಬಿಕೊಂಡಿದೆ. 2023ರ ತಿದ್ದುಪಡಿಯ ನಂತರ ವಾಣಿಜ್ಯ ಪೈಲಟ್ ಲೈಸೆನ್ಸ್‌ನ ಅವಧಿ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿದೆ, ಅದು ನಿಜ. ಆದರೆ ಆ ಹತ್ತು ವರ್ಷ ಬರೀ ಕಾಗದದ ಮೇಲಿನದು. ನನ್ನಂತೆ ನಲವತ್ತರ ಒಳಗಿನವರು ಹನ್ನೆರಡು ತಿಂಗಳಿಗೊಮ್ಮೆ ಮೊದಲ ದರ್ಜೆಯ ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಬೇಕು. ವಿಮಾನಯಾನ ಸಂಸ್ಥೆಯಲ್ಲಿ ಇರುವವರಿಗೆ ಆರಾರು ತಿಂಗಳಿಗೆ ಸಿಮ್ಯುಲೇಟರ್ ಪರೀಕ್ಷೆ ಬೇರೆ. ಇವೆರಡರಲ್ಲಿ ಒಂದು ತಪ್ಪಿದರೂ ಲೈಸೆನ್ಸ್ ಬೀರುವಿನಲ್ಲಿ ಭದ್ರವಾಗಿರುತ್ತದೆ, ನಾವು ನೆಲದ ಮೇಲೆ ಇರುತ್ತೇವೆ.

ಸಿಮ್ಯುಲೇಟರ್‌ಗೆ ನಾನು ಅಷ್ಟು ಹೆದರುವುದಿಲ್ಲ. ಟೇಕಾಫ್ ಓಟದಲ್ಲಿ ಇನ್ನು ನಿಲ್ಲಿಸಲಾಗದು ಎಂಬ ವೇಗ ಮುಟ್ಟಿದ ಹೊತ್ತಿಗೇ ಪರೀಕ್ಷಕರು ಒಂದು ಎಂಜಿನ್ ಆಫ್ ಮಾಡುತ್ತಾರೆ. ಉಳಿದ ಒಂದರಲ್ಲೇ ಮೇಲೇರಿ, ಸುತ್ತು ಹಾಕಿ, ಇಳಿಸಿ ತೋರಿಸಬೇಕು. ಅದಕ್ಕೆ ಓದಬಹುದು, ಅಭ್ಯಾಸ ಮಾಡಬಹುದು. ರಕ್ತದೊತ್ತಡಕ್ಕೆ ಓದಿಕೊಂಡು ಹೋಗಲು ಆಗುತ್ತದೆಯೇ?

ಕಳೆದ ನವೀಕರಣದಲ್ಲಿ ನನ್ನನ್ನು ಹಿಡಿದದ್ದು ಅದೇ. ಬೆಂಗಳೂರಿನಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಪಟ್ಟಿಯಲ್ಲಿರುವ ವೈದ್ಯರೊಬ್ಬರ ಬಳಿ ತಪಾಸಣೆ. ರಕ್ತ, ಮೂತ್ರ, ಇಸಿಜಿ ಎಲ್ಲ ಸರಿ ಇತ್ತು. ಶ್ರವಣ ಪರೀಕ್ಷೆಯ ಪುಟ್ಟ ಕೋಣೆಯಲ್ಲಿ ಕೀರಲು ಸದ್ದುಗಳೆಲ್ಲ ಕೇಳಿಸಿದವು, ಕಣ್ಣಿನ ಫಲಕದ ಕೊನೆಯ ಸಾಲನ್ನೂ ಓದಿದೆ. ಬಿಪಿಗೆ ಬಂದಾಗ ಯಂತ್ರ 152/96 ತೋರಿಸಿತು. ಮಿತಿ 140/90. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು, 146/94. "ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯೇ?" ಎಂದು ಅಳೆಯುತ್ತಲೇ ಕೇಳಿದ್ದರು. ಅಪ್ಪನಿಗೆ ಇದೆ ಎಂದಿದ್ದೆ. ಅವರು ತಲೆಯಾಡಿಸಿ, ಹಾಳೆಯ ಮೇಲೆ ತಾತ್ಕಾಲಿಕ ಅನರ್ಹ ಎಂದು ಬರೆದರು. ಇಪ್ಪತ್ನಾಲ್ಕು ಗಂಟೆಯ ಬಿಪಿ ದಾಖಲೆ, ಹೃದಯದ ಎಕೋ ಮತ್ತು ಹೃದ್ರೋಗ ತಜ್ಞರ ಅಭಿಪ್ರಾಯ ತನ್ನಿ, ಆಮೇಲೆ ನೋಡೋಣ ಎಂದರು.

ತಾತ್ಕಾಲಿಕ ಎಂಬುದು ಕೇಳಲು ಮೃದುವಾಗಿದೆ. ಆದರೆ ಆ ಕ್ಷಣದಿಂದ ರೋಸ್ಟರ್‌ನಲ್ಲಿ ನನ್ನ ಹೆಸರಿಲ್ಲ, ಹಾರಾಟದ ಗಂಟೆಗೆ ಸಿಗುವ ಭತ್ಯೆಯೂ ಇಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು ಬಿಪಿ ಏರಿಸಿಕೊಳ್ಳುವುದು ಬೇಡವೆಂದು ಊರಿನ ರೈಲು ಹತ್ತಿದೆ.

ವಿದ್ಯಾನಗರದ ಮನೆಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಸಂಜೆಗೇ ಚಿಕ್ಕಪ್ಪ ಬಂದರು. ಹೈಸ್ಕೂಲ್ ಮೈದಾನದ ಕಡೆಯಿಂದ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡೇ ಬಂದಿದ್ದರು. ಪೊಟ್ಟಣ ಬಿಚ್ಚುತ್ತ, "ಇದಕ್ಕೇಕೋ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ? ನಿಮ್ಮಪ್ಪನ ಡಬ್ಬಿಯಿಂದ ಒಂದು ಮಾತ್ರೆ ನುಂಗಿ ಹೋಗು. ಯಂತ್ರಕ್ಕೇನು ಗೊತ್ತಾಗುತ್ತದೆ?" ಎಂದರು.

ಈ ಸಲಹೆ ಕೊಟ್ಟವರಲ್ಲಿ ಚಿಕ್ಕಪ್ಪ ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ. ಒಂದು ಮಾತ್ರೆಯಿಂದ ಆ ಹೊತ್ತಿನ ಅಂಕಿ ಇಳಿದರೂ ಇಳಿಯಬಹುದು. ಆದರೆ ಯಾವ ಯಾವ ಔಷಧ ತೆಗೆದುಕೊಳ್ಳುತ್ತಿದ್ದೇನೆ ಎಂದು ನಾನೇ ಬರೆದು ಸಹಿ ಹಾಕಬೇಕಾದ ನಮೂನೆಯೊಂದು ಇರುತ್ತದೆ. ಅಲ್ಲಿ ಸುಳ್ಳು ಬರೆದದ್ದು ಗೊತ್ತಾದರೆ ಆಗ ಪ್ರಶ್ನೆ ಬಿಪಿಯದಲ್ಲ, ಲೈಸೆನ್ಸ್‌ನದು. ಎರಡನೆಯದು, ಬಿಪಿ ಮಾತ್ರೆ ತಿನ್ನುವವರು ಹಾರಬಾರದು ಎಂಬ ನಿಯಮವೇ ಇಲ್ಲ. ಹಲವು ಮಾತ್ರೆಗಳಿಗೆ ಒಪ್ಪಿಗೆ ಇದೆ. ಹೊಸದಾಗಿ ಮಾತ್ರೆ ಶುರು ಮಾಡಿದಾಗ ಕೆಲವರಿಗೆ ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುತ್ತದೆ, ಕೆಲವು ಬಗೆಯ ಮಾತ್ರೆಗಳು ಮಂಪರು ತರುತ್ತವೆ. ಹಾಗಾಗಿ ಅದು ಮೈಗೆ ಒಗ್ಗಿದೆ, ಬಿಪಿ ಹತೋಟಿಯಲ್ಲಿದೆ ಎಂದು ಖಾತ್ರಿಯಾಗುವವರೆಗೆ ನೆಲದ ಮೇಲಿರಿಸುತ್ತಾರೆ, ಅಷ್ಟೇ. ಒಪ್ಪಿಗೆಯ ದಾರಿ ಇರುವಾಗ ಕಳ್ಳದಾರಿ ಹಿಡಿಯುವುದು ಎಂಥ ಬುದ್ಧಿ? ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಅವರು ಮಿರ್ಚಿ ಮುಗಿಸಿ, "ನೀವು ಓದಿದವರು" ಎಂದು ಎದ್ದರು.

ಮರುದಿನ ಊರಿನ ಹೃದ್ರೋಗ ತಜ್ಞರ ಕ್ಲಿನಿಕ್‌ಗೆ ಹೋದೆ. ಅಲ್ಲಿಯ ತಂತ್ರಜ್ಞೆ ಮಾಡಿದ ಮೊದಲ ಕೆಲಸ ನನಗೆ ಹೊಸದು. ಯಂತ್ರ ಮುಟ್ಟುವ ಮೊದಲು ಟೇಪು ತೆಗೆದು ನನ್ನ ಎಡತೋಳಿನ ನಡುಭಾಗ ಅಳೆದಳು. ಮೂವತ್ತೈದು ಸೆಂಟಿಮೀಟರ್. "ಬೆಂಗಳೂರಿನಲ್ಲಿ ತೋಳಿಗೆ ದೊಡ್ಡ ಪಟ್ಟಿ ಹಾಕಿದ್ದರಾ ಸರ್?" ಎಂದಳು. ಅಲ್ಲಿ ಅಳತೆ ಯಾರೂ ತೆಗೆದಿರಲಿಲ್ಲ, ಎಲ್ಲರಿಗೂ ಹಾಕುವ ಪಟ್ಟಿಯನ್ನೇ ನನಗೂ ಸುತ್ತಿದ್ದರು. ಮಾಮೂಲಿ ಪಟ್ಟಿ ಸುಮಾರು ಮೂವತ್ತೆರಡು ಸೆಂಟಿಮೀಟರ್‌ವರೆಗಿನ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಕಟ್ಟಿದರೆ ಒಳಗಿನ ರಕ್ತನಾಳವನ್ನು ಒತ್ತಲು ಹೆಚ್ಚು ಗಾಳಿ ಬೇಕಾಗುತ್ತದೆ, ಯಂತ್ರ ಆ ಹೆಚ್ಚುವರಿಯನ್ನೂ ಬಿಪಿ ಎಂದೇ ಎಣಿಸುತ್ತದೆ. ಐದಾರು ಅಂಕಿ ಹಾಗೇ ಏರಿಬಿಡಬಹುದು. ಕಾಲ ಮೇಲೆ ಕಾಲು ಹಾಕಿ ಕೂರುವುದು, ಬೆನ್ನಿಗೆ ಆಸರೆ ಇಲ್ಲದಿರುವುದು, ಮೂತ್ರ ಕಟ್ಟಿಕೊಂಡಿರುವುದು, ಅಳೆಯುವಾಗ ಮಾತನಾಡುವುದು, ಇವು ಕೂಡ ಏರಿಸುವಂಥವೇ. ಅಪ್ಪನ ಬಿಪಿಯ ಬಗ್ಗೆ ನಾನು ಉತ್ತರ ಕೊಡುತ್ತಿದ್ದಾಗ ಪಟ್ಟಿ ಇನ್ನೂ ತೋಳಿನ ಮೇಲೆ ಬಿಗಿಯುತ್ತಿತ್ತು ಎಂಬುದು ಆಗ ನೆನಪಾಯಿತು.

ದೊಡ್ಡ ಪಟ್ಟಿ ಕಟ್ಟಿ, ಸೊಂಟಕ್ಕೆ ಪುಟ್ಟ ಯಂತ್ರ ಸಿಕ್ಕಿಸಿದಳು. ಹಗಲು ಇಪ್ಪತ್ತು ನಿಮಿಷಕ್ಕೊಮ್ಮೆ, ರಾತ್ರಿ ಅರ್ಧ ಗಂಟೆಗೊಮ್ಮೆ ಅದು ತಾನೇ ಗಾಳಿ ತುಂಬಿಕೊಳ್ಳುತ್ತದೆ. ಆಗ ತೋಳನ್ನು ಸಡಿಲವಾಗಿ ಇಳಿಬಿಟ್ಟು ಸುಮ್ಮನಿರಬೇಕು, ಅಲುಗಾಡಿದರೆ ಆ ಅಳತೆ ಕೆಡುತ್ತದೆ. ನೂರಕ್ಕೆ ಎಪ್ಪತ್ತರಷ್ಟಾದರೂ ಅಳತೆ ಸರಿಯಾಗಿ ಸಿಗದಿದ್ದರೆ ಇಡೀ ದಿನದ ಕಥೆ ಮೊದಲಿನಿಂದ. ಸ್ನಾನ ಇಲ್ಲ. ಊಟ, ನಿದ್ದೆ, ನಡಿಗೆ, ಜಗಳ, ಯಾವುದು ಯಾವ ಹೊತ್ತಿಗೆ ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಜಗಳವನ್ನು ಅವಳೇ ಸೇರಿಸಿದ್ದು.

ಮನೆಗೆ ಬಂದರೆ ಅಮ್ಮ ಉಪ್ಪಿಲ್ಲದ ಸಾರು ಮಾಡಿಟ್ಟಿದ್ದರು. ವೈದ್ಯರು ಹೇಳಿದ್ದು ಅದಕ್ಕೆ ತಿರುಗುಮುರುಗು. ದಿನವೂ ಹೇಗೆ ಇರುತ್ತೀರೋ ಹಾಗೆಯೇ ಇರಿ, ಒಂದು ದಿನ ಸನ್ಯಾಸಿಯಾದರೆ ನನಗೆ ಸನ್ಯಾಸಿಯ ಬಿಪಿ ಸಿಗುತ್ತದೆ ಎಂದಿದ್ದರು. ಸಾರಿಗೆ ಉಪ್ಪು ಬಿತ್ತು. ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯಲು ಹೋದೆ. ಯಂತ್ರ ಗುರ್ ಎಂದಾಗಲೆಲ್ಲ ನಡುದಾರಿಯಲ್ಲೇ ಕೈ ಇಳಿಬಿಟ್ಟು ಕಂಬದಂತೆ ನಿಲ್ಲುವುದು. ಎದುರು ಬಂದ ಹಿರಿಯರೊಬ್ಬರು ಗಾಬರಿಯಿಂದ "ಏನಾಯಿತಪ್ಪಾ?" ಎಂದರು. ಉತ್ತರ ಕೊಡುವಂತಿರಲಿಲ್ಲ, ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವರಿಗೆ ಇನ್ನಷ್ಟು ಗಾಬರಿಯಾಯಿತು. ರಾತ್ರಿ ಪಟ್ಟಿ ಬಿಗಿದಾಗಲೆಲ್ಲ ಅರೆ ಎಚ್ಚರವಾಗುತ್ತಿತ್ತು. ನಿದ್ದೆಯೇ ಬಾರದಿದ್ದರೆ ರಾತ್ರಿಯ ಅಂಕಿಗಳಿಗೆ ಬೆಲೆ ಇಲ್ಲ, ಆದ್ದರಿಂದ ಹಾಳೆಯಲ್ಲಿ ಅದನ್ನೂ ಪ್ರಾಮಾಣಿಕವಾಗಿ ಬರೆದೆ.

ವರದಿಯಲ್ಲಿ ಹಗಲಿನ ಸರಾಸರಿ 131/83, ರಾತ್ರಿಯದು 114/68, ಒಟ್ಟು ಸರಾಸರಿ 125/78. ಈ ಪರೀಕ್ಷೆಯ ಮಿತಿಗಳು ಕ್ಲಿನಿಕ್‌ನ ಮಿತಿಗಿಂತ ಕಟ್ಟುನಿಟ್ಟು: ಹಗಲಿಗೆ 135/85, ರಾತ್ರಿಗೆ 120/70, ಇಡೀ ದಿನಕ್ಕೆ 130/80. ಮೂರರಲ್ಲೂ ಒಳಗಿದ್ದೆ. ವೈದ್ಯರು ಹೆಚ್ಚು ಹೊತ್ತು ನೋಡಿದ್ದು ಹಗಲು ರಾತ್ರಿಗಳ ಅಂತರವನ್ನು. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತಿಗೆ ಒತ್ತಡ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಇಳಿಯಬೇಕು. ಇಳಿಯದಿದ್ದರೆ, ಹಗಲಿನ ಅಂಕಿ ಚೆನ್ನಾಗಿದ್ದರೂ ಅವರು ಎಚ್ಚರವಾಗುತ್ತಾರೆ. ಗೊರಕೆಯ ಜೊತೆ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ಹುಡುಕುವುದೂ ಆಗಲೇ. ನನ್ನದು ಹದಿಮೂರರಷ್ಟು ಇಳಿದಿತ್ತು. ದಿನದ ಅತಿ ಹೆಚ್ಚು ಅಂಕಿ 148. ಹಾಳೆ ತಿರುಗಿಸಿ ನೋಡಿದರೆ ಆ ಹೊತ್ತಿಗೆ ನಾನು ಬರೆದದ್ದು ಕಂಪನಿಯ ರೋಸ್ಟರ್ ವಿಭಾಗದ ಫೋನ್!

ಎಕೋದಲ್ಲಿ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರಲಿಲ್ಲ. ವರ್ಷಗಟ್ಟಲೆ ಒತ್ತಡ ಹೆಚ್ಚಿದ್ದರೆ ಆ ಸ್ನಾಯು ದಪ್ಪವಾಗಿರುವ ಸಾಧ್ಯತೆ ಹೆಚ್ಚು, ಆದ್ದರಿಂದ ಎರಡೂ ಸಾಕ್ಷಿಗಳು ಒಂದೇ ಮಾತು ಹೇಳಿದವು. ವೈದ್ಯರ ಮುಂದೆ ಮಾತ್ರ ಏರುವ ಬಿಪಿ ಎಂದು ತಜ್ಞರು ಬರೆದುಕೊಟ್ಟರು. ಬರೆಯುತ್ತಲೇ, ಹೀಗಿರುವವರಲ್ಲಿ ಮುಂದೆ ನಿಜವಾದ ಬಿಪಿ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಅದರಲ್ಲೂ ನಿಮ್ಮ ತಂದೆಗೆ ಇದೆ ಎಂದು ಎಚ್ಚರಿಸಿ, ಮನೆಗೊಂದು ಯಂತ್ರ ಕೊಳ್ಳಲು ಹೇಳಿದರು. ದಿನವೂ ಅಳೆಯಲು ಅಲ್ಲ. ಆಗಾಗ ಒಂದು ವಾರ ಆರಿಸಿಕೊಂಡು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಬೇಕು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು, ಐದು ನಿಮಿಷ ಸುಮ್ಮನೆ ಕೂತಿರಬೇಕು. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಮೊದಲ ದಿನ ಎಲ್ಲರಿಗೂ ಹೆಚ್ಚೇ ಬರುತ್ತದೆಯಂತೆ.

ಕಾಗದಗಳು ಬೆಂಗಳೂರಿನ ಪರೀಕ್ಷಕರ ಮೂಲಕ ದೆಹಲಿಗೆ ಹೋದವು. ಪರೀಕ್ಷಕರು ಅಳೆಯುತ್ತಾರೆ, ಶಿಫಾರಸು ಮಾಡುತ್ತಾರೆ. ಅರ್ಹ ಎಂಬ ಪ್ರಮಾಣಪತ್ರ ಬರಬೇಕಾದದ್ದು ಡಿಜಿಸಿಎಯ ವೈದ್ಯಕೀಯ ವಿಭಾಗದಿಂದ. ಅದು ಕಾಣಿಸಿಕೊಳ್ಳುವುದು ಇ-ಜಿಸಿಎ ಜಾಲತಾಣದಲ್ಲಿ. ಬೆಳಿಗ್ಗೆ ಎದ್ದೊಡನೆ, ಊಟಕ್ಕೆ ಮೊದಲು, ಮಲಗುವ ಮುನ್ನ ನಾನು ಅದನ್ನು ತೆರೆದು ನೋಡುವುದನ್ನು ಕಂಡು ಅಮ್ಮ, "ಬಿಪಿ ಇಲ್ಲದವರಿಗೂ ಬರುತ್ತದೆ ಅದನ್ನು ನೋಡಿದರೆ" ಎಂದು ಮೊಬೈಲ್ ಕಿತ್ತಿಟ್ಟರು.

ಅರ್ಹತೆ ಬರುವಷ್ಟರಲ್ಲಿ ಸಿಮ್ಯುಲೇಟರ್ ಪರೀಕ್ಷೆಯ ಗಡುವು ದಾಟಿತ್ತು. ಹೀಗಾಗಿ ಫಿಟ್ ಆದ ಮೇಲೂ ನೇರ ವಿಮಾನಕ್ಕೆ ಹೋಗುವಂತಿರಲಿಲ್ಲ, ಮೊದಲು ಸಿಮ್ಯುಲೇಟರ್‌ನಲ್ಲಿ ಒಂದೇ ಎಂಜಿನ್‌ನಿಂದ ಇಳಿಸಿ ತೋರಿಸಿ ಬರಬೇಕಾಯಿತು. ಅದೇನೋ ಸರಾಗವಾಗಿ ಮುಗಿಯಿತು.

ಊರು ಬಿಡುವ ಮುನ್ನ ಹೊಸ ಯಂತ್ರವನ್ನು ಚಿಕ್ಕಪ್ಪನ ಕೈಗೂ ಕಟ್ಟಿದೆ, ತೋಳಿನ ಸುತ್ತಳತೆ ನೋಡಿಯೇ. 168/102 ಬಂತು. ಯಂತ್ರ ಕೆಟ್ಟಿದೆ ಎಂದರು. ಎರಡನೆಯ ಸಲ 164. ಅದೂ ಕೆಟ್ಟದ್ದೇ ಎಂದರು. ನಾನು ಅಪ್ಪನ ಡಬ್ಬಿಯ ಮಾತೆತ್ತಲಿಲ್ಲ. ಯಂತ್ರವನ್ನು ಅವರ ಮನೆಯಲ್ಲೇ ಬಿಟ್ಟು, ವಾರದ ಲೆಕ್ಕ ಬರೆಯುವ ಜವಾಬ್ದಾರಿಯನ್ನು ಚಿಕ್ಕಮ್ಮನಿಗೆ ಒಪ್ಪಿಸಿ ಬಂದೆ. ಮುಂದಿನ ವಾರ ಚಿಕ್ಕಮ್ಮನೇ ಅವರನ್ನು ಅದೇ ಕ್ಲಿನಿಕ್‌ಗೆ ಕರೆದುಕೊಂಡು ಹೋದರು.