ಫ್ರೀಯಾಗಿ ಬಂದ ಗ್ರೈಂಡರ್, ಏಳು ನಿಮಿಷದ ಸ್ಕ್ರಿಪ್ಟ್

ಫೆಬ್ರವರಿ 18, 2024, ಭಾನುವಾರ
ಮೈಸೂರು

ಇವತ್ತು ಬೆಳಗ್ಗೆಯಿಂದ ಗ್ರೈಂಡರ್ ವಿಡಿಯೋದ ಸ್ಕ್ರಿಪ್ಟ್ ಬರೆಯುತ್ತಾ ಕೂತಿದ್ದೆ. ಈಗ ರಾತ್ರಿ ಒಂಬತ್ತೂವರೆ. ಮೂರನೇ ಸಲ ಬರೆದದ್ದು ಓದಿದಾಗ ಇದೇ ಸರಿ ಅನ್ನಿಸಿತು. ಹೇಗೆ ಬದಲಾಯಿಸುತ್ತಾ ಬಂದೆ ಅನ್ನೋದನ್ನ ಮರೆಯುವ ಮೊದಲು ಬರೆದಿಡುತ್ತೇನೆ. ನಿಮ್ಮಲ್ಲಿ ಯಾರಾದರೂ ರಿವ್ಯೂ ವಿಡಿಯೋ ಮಾಡುವವರಿದ್ದರೆ ಉಪಯೋಗವಾಗಬಹುದು.

ವಸ್ತು ಏನು ಅಂದ್ರೆ, ಎರಡು ಲೀಟರಿನ ಟೇಬಲ್ ಟಾಪ್ ವೆಟ್ ಗ್ರೈಂಡರ್. ಒಳಗೆ ಎರಡು ಕಲ್ಲಿನ ಗುಂಡು, ಸ್ಟೀಲ್ ಡ್ರಮ್, 150 ವ್ಯಾಟ್ ಮೋಟರ್. ಒಂದು ಕಂಪನಿಯವರು ದುಡ್ಡು ತೆಗೆದುಕೊಳ್ಳದೆ ಕಳಿಸಿದ್ದಾರೆ. ಮೂರು ವಾರದಲ್ಲಿ ಒಂಬತ್ತು ಸಲ ಹಿಟ್ಟು ರುಬ್ಬಿದ್ದೇನೆ.

ಮೊದಲ ಸಲ ಬರೆದ ಸ್ಕ್ರಿಪ್ಟಿನಲ್ಲಿ, ಫ್ರೀಯಾಗಿ ಬಂದಿದ್ದು ಅನ್ನೋ ಮಾತು ಕೊನೆಯಲ್ಲಿತ್ತು. ‘ಈ ಗ್ರೈಂಡರ್ ಕಳಿಸಿಕೊಟ್ಟ ಕಂಪನಿಗೆ ಧನ್ಯವಾದ’ ಅಂತ. ನಮ್ಮವರಿಗೆ ಓದಿ ಹೇಳಿದೆ. "ಕಳಿಸಿಕೊಟ್ಟರು ಅಂದ್ರೆ ನೀನು ಆರ್ಡರ್ ಮಾಡಿದ್ದನ್ನ ಕಳಿಸಿದರು ಅಂತಾನೂ ಆಗುತ್ತಲ್ವಾ?" ಅಂದರು. ಹೌದಲ್ಲ ಅನ್ನಿಸಿತು. ಆ ಒಂದು ಪದದ ಹಿಂದೆ ನಿಜ ಅಡಗಿ ಕೂತಿತ್ತು. ಮೇಲಾಗಿ ಏಳು ನಿಮಿಷದ ವಿಡಿಯೋದಲ್ಲಿ ಕೊನೆಯವರೆಗೆ ನೋಡುವವರು ಎಷ್ಟು ಜನ? ನನ್ನ ಹಳೆಯ ವಿಡಿಯೋಗಳ ಗ್ರಾಫ್ ತೆಗೆದು ನೋಡಿದೆ. ನಾಲ್ಕನೇ ನಿಮಿಷಕ್ಕೆ ಅರ್ಧಕ್ಕಿಂತ ಜಾಸ್ತಿ ಜನ ಹೋಗಿಬಿಟ್ಟಿರುತ್ತಾರೆ. ಅವರಿಗೆ ಈ ವಿಷಯ ಗೊತ್ತೇ ಆಗುವುದಿಲ್ಲ.

ಈಗ ಅದು ಎರಡನೇ ವಾಕ್ಯಕ್ಕೆ ಬಂದಿದೆ. ನಮಸ್ಕಾರ ಹೇಳಿದ ತಕ್ಷಣ ಇದು:

"ಈ ಗ್ರೈಂಡರನ್ನ ನಾನು ದುಡ್ಡು ಕೊಟ್ಟು ತಗೊಂಡಿಲ್ಲ. ಕಂಪನಿಯವರು ಫ್ರೀಯಾಗಿ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಇದಕ್ಕೆ 5,200 ರೂಪಾಯಿ. ವಿಡಿಯೋ ಮಾಡಲು ಬೇರೆ ದುಡ್ಡು ತಗೊಂಡಿಲ್ಲ. ಆದರೆ ಗ್ರೈಂಡರ್ ವಾಪಸ್ ಕೊಡ್ತಿಲ್ಲ, ನಮ್ಮನೆಯಲ್ಲೇ ಇರುತ್ತೆ."

ಇದರಲ್ಲಿ ಬೆಲೆ ಹೇಳಿದ್ದು ಬೇಕೆಂದೇ. ‘ಫ್ರೀ’ ಅಂದಾಗ ಎಷ್ಟರ ಫ್ರೀ ಅನ್ನೋದು ತಿಳಿಯಬೇಕು. ನೂರು ರೂಪಾಯಿಯ ಸೌಟಿಗೂ ಐದು ಸಾವಿರದ ಗ್ರೈಂಡರಿಗೂ ವ್ಯತ್ಯಾಸ ಇದೆ. ವಾಪಸ್ ಕೊಡುವುದಿಲ್ಲ ಅನ್ನೋದನ್ನೂ ಹೇಳಲೇಬೇಕು. ಕೆಲವರು ನೋಡಿ, ಪ್ಯಾಕ್ ಮಾಡಿ ಹಿಂದಕ್ಕೆ ಕಳಿಸುತ್ತಾರೆ. ನಾನು ಇಟ್ಟುಕೊಳ್ಳುತ್ತಿದ್ದೇನೆ.

ನಿಯಮದ ಮಾತೂ ಇದೆ. ಜಾಹೀರಾತು ಕಂಪನಿಗಳೇ ಸೇರಿ ಮಾಡಿಕೊಂಡಿರುವ ಸಂಸ್ಥೆ ಎಎಸ್‌ಸಿಐ. ನಮ್ಮಂಥವರಿಗಾಗಿ ಅದು ಮಾಡಿದ ನಿಯಮಗಳು 2021ರ ಜೂನ್‌ನಿಂದ ಜಾರಿಯಲ್ಲಿವೆ. ಎರಡು ನಿಮಿಷಕ್ಕಿಂತ ಉದ್ದದ ವಿಡಿಯೋ ಆದರೆ, ಆ ವಸ್ತುವಿನ ಬಗ್ಗೆ ಮಾತಾಡುವಷ್ಟು ಹೊತ್ತೂ ಪರದೆ ಮೇಲೆ ಲೇಬಲ್ ಇರಬೇಕು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಒಂದು ಮಾರ್ಗಸೂಚಿ ಕೊಟ್ಟಿತು. ಫ್ರೀಯಾಗಿ ಬಂದ ವಸ್ತುವೂ ಕಂಪನಿ ಜೊತೆಗಿನ ಸಂಬಂಧವೇ, ವಿಡಿಯೋದಲ್ಲಿ ಅದನ್ನು ಬಾಯಲ್ಲೂ ಹೇಳಬೇಕು, ಪರದೆಯಲ್ಲೂ ತೋರಿಸಬೇಕು ಅನ್ನುತ್ತದೆ ಅದು. ಆದ್ದರಿಂದ ಮೇಲಿನ ಮೂಲೆಯಲ್ಲಿ ‘ಉಚಿತವಾಗಿ ಬಂದದ್ದು’ ಅಂತ ಕನ್ನಡದಲ್ಲೇ ಹಾಕುತ್ತಿದ್ದೇನೆ. ನಮ್ಮ ಅತ್ತೆಯಂಥವರಿಗೆ ಇಂಗ್ಲಿಷಿನ ಪುಟ್ಟ ಲೇಬಲ್ ಕಂಡರೂ ಒಂದೇ, ಕಾಣದಿದ್ದರೂ ಒಂದೇ. ಅಪ್‌ಲೋಡ್ ಮಾಡುವಾಗ ಯೂಟ್ಯೂಬಿನ ಪ್ರಚಾರದ ಗುರುತಿಗೂ ಟಿಕ್ ಹಾಕುತ್ತೇನೆ. ಆದರೆ ಅದು ಶುರುವಿನಲ್ಲಿ ಕೆಲವೇ ಸೆಕೆಂಡು ಕಂಡು ಹೋಗುತ್ತದೆ. ಅದೊಂದನ್ನೇ ನಂಬಿದರೆ ಸಾಲದು.

ಇಲ್ಲಿಯವರೆಗೆ ಸುಲಭ. ಕಷ್ಟ ಆಗಿದ್ದು ತೊಂದರೆಗಳನ್ನ ಹೇಳುವ ಭಾಗ.

ಮೊದಲ ಸಲ ಹೀಗೆ ಬರೆದಿದ್ದೆ: ‘ಡ್ರಮ್ ಡಿಸೈನ್ ಚೆನ್ನಾಗಿಲ್ಲ, ಭಾರ ಜಾಸ್ತಿ, ಆದರೆ ಇವೆಲ್ಲ ಸಣ್ಣಪುಟ್ಟ ವಿಷಯ ಅಷ್ಟೇ.’ ಓದಿದರೆ ಎರಡು ತಪ್ಪು ಕಂಡವು. ‘ಚೆನ್ನಾಗಿಲ್ಲ’ ಅಂದರೆ ಕೇಳಿದವರಿಗೆ ಏನೂ ಸಿಗುವುದಿಲ್ಲ. ‘ಸಣ್ಣಪುಟ್ಟ’ ಅಂದರೆ ಅವರ ಪರವಾಗಿ ನಾನೇ ತೀರ್ಮಾನ ಕೊಟ್ಟ ಹಾಗೆ. ಮಣಿಕಟ್ಟು ನೋವಿರುವವರಿಗೆ ಭಾರ ಸಣ್ಣ ವಿಷಯವಲ್ಲ.

ಎರಡನೇ ಸಲ ಬರೆದಾಗ ಹಾಸನದ ಚಿಕ್ಕಮ್ಮನನ್ನ ನೆನೆಸಿಕೊಂಡೆ. ಅವರು ಫೋನ್ ಮಾಡಿ "ಏನೇ, ತಗೊಳ್ಳಲಾ ಬೇಡ್ವಾ?" ಅಂತ ಕೇಳಿದರೆ ಏನು ಹೇಳುತ್ತೇನೆ? ಅವರ ಮನೆಯಲ್ಲಿ ಇರೋದು ಇಬ್ಬರೇ. ನಾನು ಮೊದಲು ಹೇಳುವುದೇ ಇದು: "ಚಿಕ್ಕಮ್ಮ, ಅರ್ಧ ಲೋಟ ಉದ್ದಿನಬೇಳೆ ಹಾಕಿದ್ರೆ ಇದರಲ್ಲಿ ಆಗಲ್ಲ." ಅಲ್ಲಿಂದ ಮಾತು ತಾನಾಗಿಯೇ ಬಂತು. ನಾನು ಏನು ಮಾಡಿದೆ, ಏನಾಯಿತು, ಯಾರಿಗೆ ಇದು ತೊಂದರೆ, ನಾನು ಹೇಗೆ ನಿಭಾಯಿಸಿದೆ. ಪ್ರತಿ ತೊಂದರೆಯನ್ನೂ ಈ ಕ್ರಮದಲ್ಲೇ ಬರೆದೆ. ಸ್ಕ್ರಿಪ್ಟಿನಲ್ಲಿ ಈಗ ಹೀಗಿದೆ:

"ಒಂದು ದಿನ ಅರ್ಧ ಲೋಟ ಉದ್ದು ಹಾಕಿದೆ. ಬೇಳೆ ಎಲ್ಲ ಡ್ರಮ್ ಗೋಡೆಗೆ ಹತ್ತಿಕೊಂಡು ಕೂತಿತು, ಗುಂಡಿಗೆ ಸಿಗಲೇ ಇಲ್ಲ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಸೌಟಲ್ಲಿ ಕೆಳಗೆ ತಳ್ಳಬೇಕಾಯ್ತು. ಒಂದು ಲೋಟ ಹಾಕಿದ ದಿನ ಈ ತೊಂದರೆ ಇರಲಿಲ್ಲ. ಮನೆಯಲ್ಲಿ ಇಬ್ಬರೇ ಇದ್ದು, ದಿನಕ್ಕೆ ಬೇಕಾದಷ್ಟೇ ರುಬ್ಬೋರಾದ್ರೆ ಇದು ನಿಮಗೆ ಹೊಂದಲ್ಲ."

ಭಾರದ ವಿಷಯವೂ ಅಷ್ಟೆ. ‘ಭಾರ ಜಾಸ್ತಿ’ ಅನ್ನೋ ಬದಲು ತೂಗಿ ನೋಡಿದೆ. ತೂಕದ ಯಂತ್ರದ ಮೇಲೆ ನಾನೊಬ್ಬಳೇ ನಿಂತೆ, ಆಮೇಲೆ ಗ್ರೈಂಡರ್ ಎತ್ತಿಕೊಂಡು ನಿಂತೆ. ಹತ್ತೂವರೆ ಕಿಲೋ ಬಂತು. ಕಪಾಟಿನಲ್ಲಿಟ್ಟು ದಿನವೂ ಇಳಿಸುವ ವಸ್ತುವಲ್ಲ, ಕಟ್ಟೆ ಮೇಲೆ ಅದಕ್ಕೊಂದು ಜಾಗ ಬೇಕು. ಹಿಟ್ಟು ತುಂಬಿದ ಡ್ರಮ್ಮನ್ನ ಅತ್ತೆಗೆ ಎತ್ತಿ ಬಗ್ಗಿಸಲು ಆಗಲಿಲ್ಲ. ಡ್ರಮ್ಮಿನ ಅಂಚಿಗೆ ಮೂತಿಯಿಲ್ಲ, ಹಿಟ್ಟು ಹೊರಗೋಡೆಗೆ ಇಳಿಯುತ್ತದೆ. ಆ ದೃಶ್ಯವನ್ನೇ ತೋರಿಸುತ್ತೇನೆ, ಮಾತು ಬೇಡ.

ತೊಂದರೆಗಳ ಭಾಗವನ್ನ ಮೂರನೇ ನಿಮಿಷದ ಒಳಗೇ ಇಟ್ಟಿದ್ದೇನೆ. ಒಂದೊಂದು ತೊಂದರೆಯ ಬೆನ್ನಿಗೂ ಒಂದು ಹೊಗಳಿಕೆ ಅಂಟಿಸುವ ಅಭ್ಯಾಸ ನನಗಿತ್ತು. ಅದನ್ನು ಬಿಟ್ಟೆ. ಹಾಗೆ ಅಂಟಿಸಿದರೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ.

ಒಳ್ಳೆಯದನ್ನ ಹೇಳುವಾಗಲೂ ಅಷ್ಟೇ ಕಾಳಜಿ ಬೇಕು ಅಂತ ಇವತ್ತು ಗೊತ್ತಾಯಿತು. ಡಬ್ಬಿಯ ಮೇಲೆ ‘ಕರೆಂಟ್ ಉಳಿತಾಯ’ ಅಂತಿದೆ. ಕಂಪನಿಯವರು ಕಳಿಸಿದ ‘ಹೇಳಬೇಕಾದ ಮಾತುಗಳು’ ಪಟ್ಟಿಯಲ್ಲೂ ಅದಿತ್ತು. ಲೆಕ್ಕ ಹಾಕಿದೆ. ಒಂದು ಲೋಟ ಉದ್ದಿಗೆ 25 ನಿಮಿಷ, ಅಕ್ಕಿಗೆ 15 ನಿಮಿಷ, ಒಟ್ಟು 40 ನಿಮಿಷ. 150 ವ್ಯಾಟ್ ಮೋಟರ್ 40 ನಿಮಿಷ ಓಡಿದರೆ ಯೂನಿಟ್ಟಿನ ಹತ್ತನೇ ಒಂದು ಭಾಗ. ನಮ್ಮ ಮಿಕ್ಸಿ 750 ವ್ಯಾಟ್. ಅಷ್ಟೇ ಹಿಟ್ಟಿಗೆ ಎಂಟು ನಿಮಿಷ ಓಡಿಸುತ್ತೇನೆ. ಅದೂ ಯೂನಿಟ್ಟಿನ ಹತ್ತನೇ ಒಂದು ಭಾಗ. ಇದು ಮೋಟರ್ ಮೇಲೆ ಬರೆದಿರುವ ವ್ಯಾಟ್ ಹಿಡಿದು ಮಾಡಿದ ಲೆಕ್ಕ, ನಿಜವಾಗಿ ಎಳೆಯುವ ಕರೆಂಟ್ ಸ್ವಲ್ಪ ಆಚೀಚೆ ಇರುತ್ತದೆ. ಆದರೂ ಉಳಿತಾಯ ಅಂತ ಬಾಯಿಬಿಟ್ಟು ಹೇಳುವಷ್ಟು ವ್ಯತ್ಯಾಸ ನನಗೆ ಕಾಣಲಿಲ್ಲ. ಆ ಸಾಲನ್ನ ತೆಗೆದೆ, ಲೆಕ್ಕವನ್ನ ಇಟ್ಟೆ.

ನಿಜವಾಗಿ ಖುಷಿ ಕೊಟ್ಟಿದ್ದು ಹಿಟ್ಟು. ಒಂದೇ ಡಬ್ಬದ ಬೇಳೆಯನ್ನ ನೆನೆಹಾಕಿ, ಒಂದು ಲೋಟ ಮಿಕ್ಸಿಗೆ, ಒಂದು ಲೋಟ ಗ್ರೈಂಡರಿಗೆ ಹಾಕಿದೆ. ಮಿಕ್ಸಿಯ ಹಿಟ್ಟು ಮುಟ್ಟಿದರೆ ಬೆಚ್ಚಗಿತ್ತು. ಗ್ರೈಂಡರಿನದು ತಣ್ಣಗೆ, ಬೆಣ್ಣೆಯ ಹಾಗೆ ಉಬ್ಬಿತ್ತು. ಒಂದು ಹನಿ ನೀರಿಗೆ ಬಿಟ್ಟರೆ ತೇಲಿತು. ಮಿಕ್ಸಿಯದು ಮುಳುಗಿತು. ಹಿಟ್ಟಿನೊಳಗೆ ಗಾಳಿ ಎಷ್ಟು ಸೇರಿದೆ ಅಂತ ತಿಳಿಯಲು ನಮ್ಮ ಅಮ್ಮ ಮಾಡುತ್ತಿದ್ದ ಪರೀಕ್ಷೆ ಇದು. ಹೇಳುವುದಕ್ಕಿಂತ ಇದನ್ನ ತೋರಿಸುವುದೇ ಮೇಲು.

ಕಂಪನಿಯ ಜೊತೆ ಇ-ಮೇಲಿನಲ್ಲಿ ಸ್ವಲ್ಪ ಮಾತಾಯಿತು. ಸ್ಕ್ರಿಪ್ಟ್ ಮೊದಲು ತೋರಿಸಿ ಅಂದರು. ಅಳತೆ, ಬೆಲೆ, ವಾರಂಟಿ ಇಂಥವನ್ನ ಸರಿಯಿದೆಯಾ ನೋಡಿ ಅಂತ ಕಳಿಸಿದೆ, ಅಭಿಪ್ರಾಯದ ಭಾಗ ಕಳಿಸಲಿಲ್ಲ. ಇದರಿಂದ ಒಂದು ಒಳ್ಳೆಯದಾಯಿತು. ಡ್ರಮ್ ಸರಿಯಾಗಿ ಕೂರುವುದಿಲ್ಲ, ಅಲುಗುತ್ತದೆ ಅಂತ ಬರೆದುಕೊಂಡಿದ್ದೆ. ಕೂರಿಸಿದ ಮೇಲೆ ಸ್ವಲ್ಪ ಎಡಕ್ಕೆ ತಿರುಗಿಸಬೇಕು ಅಂತ ಅವರು ಹೇಳಿದರು. ಮಾಡಿ ನೋಡಿದೆ, ಗಟ್ಟಿಯಾಗಿ ಕೂತಿತು. ನನ್ನದೇ ತಪ್ಪು, ಆ ಸಾಲು ಹೋಯಿತು. ತೊಂದರೆಗಳನ್ನ ಕೊನೆಗೆ ಹಾಕಿ ಅಂತಲೂ ಕೇಳಿದರು. "ಕ್ಷಮಿಸಿ ಸರ್, ಅದನ್ನ ಬದಲಾಯಿಸಲಾರೆ. ಬೇಡ ಅಂದರೆ ಗ್ರೈಂಡರ್ ವಾಪಸ್ ಕಳಿಸುತ್ತೇನೆ" ಅಂತ ಬರೆದೆ. ಇರಲಿ ಬಿಡಿ ಅಂದರು.

ನನಗೆ ತಿಳಿಯಲು ಸಾಧ್ಯವಿಲ್ಲದ್ದನ್ನೂ ಸ್ಕ್ರಿಪ್ಟಿನಲ್ಲಿ ಸೇರಿಸಿದೆ. ಮೂರು ವಾರದಲ್ಲಿ ಬೆಲ್ಟ್ ಎಷ್ಟು ವರ್ಷ ಬಾಳುತ್ತೆ ಅಂತ ಹೇಳಲಾಗದು. ರಿಪೇರಿಗೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ ಅಂತಲೂ ನನಗೆ ನೋಡುವ ಸಂದರ್ಭ ಬಂದಿಲ್ಲ. ನಮ್ಮನೆಗೆ ಬಂದಿದ್ದು ಒಂದೇ ಗ್ರೈಂಡರ್, ಅದೂ ಕಂಪನಿಯವರೇ ಆರಿಸಿ ಕಳಿಸಿದ್ದು. ಆದ್ದರಿಂದ ಪಕ್ಕದ ಮನೆಯ ಅಕ್ಕ ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಕೊಂಡ, ಬೇರೆ ಕಂಪನಿಯ ಗ್ರೈಂಡರನ್ನೂ ಪಕ್ಕದಲ್ಲಿಟ್ಟು ತೋರಿಸುತ್ತೇನೆ. ಅವರದರಲ್ಲಿ ಡ್ರಮ್ ಎತ್ತುವ ಗೋಜಿಲ್ಲ, ಓರೆ ಮಾಡಿದರೆ ಹಿಟ್ಟು ಪಾತ್ರೆಗೆ ಬೀಳುತ್ತದೆ. ಬೆಲೆ ಸುಮಾರು ಎರಡು ಸಾವಿರ ಜಾಸ್ತಿ. ಕೈನೋವು ಇರುವವರು ಅಂಥದ್ದನ್ನ ನೋಡುವುದು ಒಳ್ಳೆಯದು ಅಂತ ನೇರವಾಗಿ ಹೇಳಿದ್ದೇನೆ.

‘ನನ್ನ ಕೈಯಿಂದ 5,200 ಕೊಟ್ಟು ತೆಗೆದುಕೊಳ್ಳುತ್ತಿದ್ದೆನಾ?’ ಇದಕ್ಕೆ ಉತ್ತರ ಬರೆಯಲು ಒಂದು ಗಂಟೆ ಹಿಡಿಯಿತು. ಫ್ರೀಯಾಗಿ ಬಂದ ವಸ್ತುವಿನ ಬೆಲೆ ಕೈಗೆ ತಾಗುವುದಿಲ್ಲ, ಅದೇ ತೊಡಕು. ನಾವು ಮನೆಯಲ್ಲಿ ಐದು ಜನ, ವಾರಕ್ಕೆ ಎರಡು ಸಲ ಇಡ್ಲಿ. ಹೌದು, ತೆಗೆದುಕೊಳ್ಳುತ್ತಿದ್ದೆ. ಚಿಕ್ಕಮ್ಮನಿಗೆ ಮಾತ್ರ ಬೇಡ ಅನ್ನುತ್ತೇನೆ. ಸ್ಕ್ರಿಪ್ಟಿನ ಕೊನೆಯ ಸಾಲುಗಳು ಇವೇ.

ನಾಳೆ ಹತ್ತು ಗಂಟೆಗೆ ಅಡುಗೆಮನೆ ಕಿಟಕಿಯಲ್ಲಿ ಒಳ್ಳೆ ಬೆಳಕು ಬರುತ್ತದೆ, ಆಗಲೇ ಶೂಟ್ ಮಾಡಬೇಕು. ಹನಿ ತೇಲುವುದನ್ನ ತೋರಿಸಲು ಉದ್ದು ನಾಲ್ಕು ಗಂಟೆಯಾದರೂ ನೆನೆಯಬೇಕು. ಐದೂವರೆಗೆ ಅಲಾರಂ ಇಟ್ಟಿದ್ದೇನೆ.