ಫೋನಿನಲ್ಲಿ ಕಂಡದ್ದೇ ಪುಟವಲ್ಲ

ನಮ್ಮ ಬಡಾವಣೆ ಸಂಘದ ವಾರ್ಷಿಕ ವರದಿಯನ್ನು ನಾನೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿ, ವರ್ಡ್ ಫೈಲನ್ನೇ ಕಾರ್ಯದರ್ಶಿಗಳಿಗೆ ವಾಟ್ಸಾಪ್ ಮಾಡಿದ್ದೆ. ಸ್ವಲ್ಪ ಹೊತ್ತಿಗೇ ಫೋನ್ ಬಂತು. "ಏನಮ್ಮಾ, ಮಾರ್ಜಿನ್ನೇ ಇಲ್ಲ, ಮೇಲೆ ಸಂಘದ ಹೆಸರೂ ಇಲ್ಲ, ಪುಟದ ನಂಬರೂ ಇಲ್ಲ. ನಾನೇ ಎಂಟರ್ ಒತ್ತಿ ಸರಿಮಾಡ್ಲಾ?"

"ದಯವಿಟ್ಟು ಏನೂ ಮುಟ್ಟಬೇಡಿ ಸರ್" ಅಂದೆ. ಅವರು ಅಲ್ಲಿ ಎಂಟರ್ ಒತ್ತಿದ್ದರೆ ಸರಿಯಾಗಿದ್ದ ಪುಟವೇ ಕೆಡುತ್ತಿತ್ತು.

ಅವರು ನೋಡುತ್ತಿದ್ದದ್ದು Mobile View. ಚಿಕ್ಕ ಪರದೆಯಲ್ಲಿ ಓದಲು ಸುಲಭವಾಗಲಿ ಅಂತ ವರ್ಡ್ ಆ್ಯಪ್ ಅಕ್ಷರಗಳನ್ನು ಪರದೆಯ ಅಗಲಕ್ಕೆ ತಕ್ಕಂತೆ ಹೊಸದಾಗಿ ಹರಡುತ್ತದೆ. ಆಗ ಹೆಡರ್, ಫುಟರ್, ಮಾರ್ಜಿನ್ ಕಾಣುವುದಿಲ್ಲ. ಪುಟ ಎಲ್ಲಿ ಮುಗಿಯಿತು ಅನ್ನುವುದೂ ತಿಳಿಯುವುದಿಲ್ಲ. ಫೈಲಿನಲ್ಲಿ ಎಲ್ಲವೂ ಇದ್ದ ಹಾಗೇ ಇರುತ್ತದೆ. ಆ್ಯಪಿನ ಪಟ್ಟಿಯಲ್ಲಿ ಪುಟ್ಟ ಫೋನಿನ ಚಿತ್ರವಿರುವ ಗುಂಡಿಯನ್ನು ಒತ್ತಿಸಿದೆ. ಅದು ಸಿಗದಿದ್ದರೆ View ಒಳಗೆ ಹೋಗಿ Print Layout ಆರಿಸಿದರೂ ಆಗುತ್ತದೆ. ಬಿಳಿ ಹಾಳೆಯ ಆಕಾರ ಬಂತು, ಸಂಘದ ಹೆಸರೂ ಬಂತು.

ಆದರೆ ಇಷ್ಟಕ್ಕೇ ನಂಬಿಬಿಡಬಾರದು. ನನ್ನ ಲ್ಯಾಪ್‌ಟಾಪಿನಲ್ಲಿ ವರದಿ ಸರಿಯಾಗಿ ಎರಡು ಪುಟ. ಅವರ ಫೋನಿನಲ್ಲಿ ಮೂರು! ಕೊನೆಯ ಪುಟದಲ್ಲಿ "ಅಧ್ಯಕ್ಷರ ಸಹಿ" ಅನ್ನುವ ಸಾಲೊಂದೇ ಒಂಟಿಯಾಗಿ ಕೂತಿತ್ತು. ನಾನು ಬಳಸಿದ್ದು ವಿಂಡೋಸಿನ ತುಂಗಾ ಫಾಂಟ್. ಅದು ಅವರ ಫೋನಿನಲ್ಲಿ ಇರಲಿಲ್ಲ. ಇಲ್ಲದ ಫಾಂಟಿನ ಜಾಗಕ್ಕೆ ವರ್ಡ್ ಬೇರೊಂದನ್ನು ಹಾಕುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಕ್ಕೆ ಇಳಿಯುವುದರಿಂದ ಒಂದೊಂದು ಫಾಂಟಿಗೆ ಸಾಲಿನ ಎತ್ತರ ಒಂದೊಂದು ಥರ. ಪ್ರತಿ ಸಾಲೂ ಚೂರು ಚೂರು ಬೆಳೆದರೆ ಪುಟದ ಕೊನೆಗೆ ಎರಡು ಮೂರು ಸಾಲು ಆಚೆ ಹೋಗುತ್ತವೆ, ಅಲ್ವಾ?

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಮೊದಲ ಪುಟದ ಕೊನೆಯ ಪದ ಯಾವುದು ಅಂತ ಎರಡೂ ಕಡೆ ನೋಡಿದರಾಯಿತು. ನನ್ನಲ್ಲಿ ಅದು "ಖರ್ಚು", ಅವರಲ್ಲಿ "ಚಂದಾ". ಪದ ಬೇರೆ ಆಯಿತೆಂದರೆ ಪುಟಗಳು ಜರುಗಿವೆ ಅಂತಲೇ ಅರ್ಥ.

ಆಮೇಲೆ ಲ್ಯಾಪ್‌ಟಾಪಿನಲ್ಲೇ Save As ಒತ್ತಿ, ಪಿಡಿಎಫ್ ಮಾಡಿ ಕಳಿಸಿದೆ. ಪಿಡಿಎಫ್ ಒಳಗೆ ಅಕ್ಷರಗಳ ಆಕಾರವೂ ಸೇರಿಕೊಳ್ಳುವುದರಿಂದ ಫೋನಿನಲ್ಲೂ ಎರಡೇ ಪುಟ ಬಂತು, ಸಹಿಯ ಸಾಲು ಅದರ ಜಾಗದಲ್ಲೇ ಇತ್ತು. ಪಿಡಿಎಫನ್ನು ಫಾಂಟ್ ಇರುವ ಕಂಪ್ಯೂಟರಿನಲ್ಲೇ ಮಾಡಬೇಕು. ಅವರ ಫೋನಿನಲ್ಲಿ ಮಾಡಿದ್ದರೆ ಆ ಮೂರು ಪುಟದ ರೂಪವೇ ಅದರಲ್ಲಿ ಗಟ್ಟಿಯಾಗುತ್ತಿತ್ತು. ಪ್ರಿಂಟ್ ಅಂಗಡಿಗೂ ಆ ಪಿಡಿಎಫನ್ನೇ ಕೊಡಿ, ವರ್ಡ್ ಫೈಲ್ ಬೇಡ ಅಂತ ಕಾರ್ಯದರ್ಶಿಗಳಿಗೆ ಹೇಳಿದೆ. ಅಂಗಡಿಯ ಕಂಪ್ಯೂಟರಿನಲ್ಲೂ ತುಂಗಾ ಇರುತ್ತದೆ ಅನ್ನುವ ಖಾತ್ರಿ ಏನು?